ಕೆಡದ ಬಾವಿಯ ಸಾಕ್ಷ್ಯ: ಕಾರ್ಖಾನೆ ಮಾಲಿನ್ಯದ ಪರಿಹಾರದ ಅರ್ಜಿ ಕಟ್ಟಿದ ಅನುಭವ

ಕಾರ್ಖಾನೆಯಿಂದ ಬಾವಿ ಕೆಟ್ಟಿದೆ ಎಂದು ಬರುವವರು ಸಾಮಾನ್ಯವಾಗಿ ತಮ್ಮ ಬಾವಿಯ ನೀರನ್ನೇ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಾರೆ. ನಾನು ವಕೀಲನಾಗಿ ಮೊದಲು ಕೇಳುವುದು ಬೇರೆ ಪ್ರಶ್ನೆ: "ನಿಮ್ಮಲ್ಲಿ ಯಾರ ಬಾವಿ ಕೆಟ್ಟಿಲ್ಲ?" ಕೇಳಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ನ್ಯಾಯಪೀಠದ ಮುಂದೆ ನಿಂತಾಗ ಎದುರಾಗುವ ಮುಖ್ಯ ಪ್ರಶ್ನೆ ನೀರು ಕೆಟ್ಟಿದೆಯಾ ಎಂಬುದಲ್ಲ. ಅದು ಆ ಕಾರ್ಖಾನೆಯಿಂದಲೇ ಕೆಟ್ಟಿತು ಎಂದು ಹೇಗೆ ಹೇಳುತ್ತೀರಿ ಎಂಬುದು. ಕೆಟ್ಟ ಬಾವಿ ಒಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ.

ನಾನು ಹೇಳುವ ಪ್ರಕರಣ ಒಂದು ಎಲೆಕ್ಟ್ರೋಪ್ಲೇಟಿಂಗ್ ಘಟಕದ್ದು. ಲೋಹದ ಭಾಗಗಳಿಗೆ ಕ್ರೋಮಿಯಂ ಲೇಪನ ಮಾಡುವ ಕೆಲಸ. ಲೇಪನದ ತೊಟ್ಟಿಯಿಂದ ತೆಗೆದ ಭಾಗಗಳನ್ನು ನೀರಿನಲ್ಲಿ ತೊಳೆಯುತ್ತಾರೆ. ಆ ತೊಳೆದ ನೀರಿನಲ್ಲಿ ಕ್ರೋಮಿಯಂನ ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಇದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿಗೆ ಅಷ್ಟಾಗಿ ಅಂಟಿಕೊಳ್ಳದೆ ಅಂತರ್ಜಲದ ಜೊತೆ ದೂರ ಹೋಗುತ್ತದೆ. ಸಂಸ್ಕರಣೆ ಸರಿಯಾಗಿ ನಡೆದರೆ ಅದು ಅಷ್ಟು ವಿಷಕಾರಿಯಲ್ಲದ ಟ್ರೈವೇಲೆಂಟ್ ರೂಪಕ್ಕೆ ಬಂದು ಕೆಸರಾಗಿ ಕೆಳಗೆ ಕೂರುತ್ತದೆ. ಆ ಕೆಸರನ್ನು ಅಪಾಯಕಾರಿ ತ್ಯಾಜ್ಯ ಎಂದು ಲೆಕ್ಕ ಇಟ್ಟು, ವಿಲೇವಾರಿ ಘಟಕಕ್ಕೆ ಕಳಿಸಬೇಕು. ಈ ಲೆಕ್ಕ ಮುಂದೆ ನಮಗೆ ತುಂಬಾ ಉಪಯೋಗಕ್ಕೆ ಬಂತು.

ಘಟಕಕ್ಕೆ ಹತ್ತಿರದ ಬಾವಿಯ ನೀರನ್ನು ಬಿಳಿ ಬಕೆಟ್ಟಿಗೆ ಸುರಿದರೆ ನಸುಹಳದಿ ಬಣ್ಣ ಕಣ್ಣಿಗೇ ಕಾಣುತ್ತಿತ್ತು. ಅಲ್ಲಿನ ಹಿರಿಯ ಹೆಂಗಸೊಬ್ಬರು, "ನೋಡಿ ಸಾರ್, ಇದಕ್ಕಿಂತ ಪುರಾವೆ ಬೇಕಾ?" ಅಂದರು. ಬೇಕಿತ್ತು. ಬಣ್ಣ ಕಾಣದ ನೀರಿನಲ್ಲೂ ಕ್ರೋಮಿಯಂ ಮಿತಿ ಮೀರಿರಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಕಣ್ಣಿಗೆ ಹಳದಿ ಕಾಣುವುದು ಇದರ ಎಷ್ಟೋ ಪಟ್ಟು ಆದ ಮೇಲೆ.

ಮೊದಲು ಮಾಡಿದ್ದು ಬಾವಿಗಳ ನಕ್ಷೆ. ಸುತ್ತಲಿನ ತೆರೆದ ಬಾವಿ, ಬೋರ್‌ವೆಲ್ ಎಲ್ಲವನ್ನೂ ಗುರುತಿಸಿ, ಪ್ರತಿಯೊಂದಕ್ಕೂ ನಂಬರ್ ಕೊಟ್ಟೆವು. ಆಮೇಲೆ ನೆಲದೊಳಗಿನ ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಬೇಕು. ಮೇಲಿನ ನೆಲದ ಇಳಿಜಾರು ನೋಡಿ ಊಹಿಸಿದರೆ ಸಾಲದು. ಒಬ್ಬ ಸರ್ವೇಯರ್ ಎಲ್ಲ ಬಾವಿಗಳ ಬಾಯಿಯ ಎತ್ತರವನ್ನು ಒಂದೇ ಗುರುತಿನಿಂದ ಅಳೆದರು. ಪ್ರತಿ ಬಾವಿಯಲ್ಲೂ ಬಾಯಿಯಿಂದ ನೀರಿನವರೆಗಿನ ಆಳವನ್ನು ಟೇಪಿನಲ್ಲಿ ಅಳೆದೆವು. ಒಂದು ಬಾವಿಯ ಬಾಯಿ 100 ಮೀಟರ್ ಎಂದಿಟ್ಟುಕೊಳ್ಳಿ, ನೀರು 9 ಮೀಟರ್ ಕೆಳಗಿದ್ದರೆ ನೀರಿನ ಮಟ್ಟ 91. ಇನ್ನೊಂದರ ಬಾಯಿ 98, ನೀರು 11 ಮೀಟರ್ ಕೆಳಗಿದ್ದರೆ ಮಟ್ಟ 87. ಅಂದರೆ ನೀರು ಮೊದಲನೆಯದರ ಕಡೆಯಿಂದ ಎರಡನೆಯದರ ಕಡೆಗೆ ಇಳಿಯುತ್ತಿದೆ. ಕಡಿಮೆ ಅಂದರೆ ಮೂರು ಬಾವಿಗಳಾದರೂ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಬೆಳಗ್ಗೆ ಪಂಪ್‌ಗಳು ಶುರುವಾಗುವ ಮೊದಲೇ ಅಳೆಯಬೇಕು. ಪಂಪ್ ಓಡುತ್ತಿದ್ದರೆ ಸುತ್ತಲಿನ ಮಟ್ಟವೆಲ್ಲ ಏರುಪೇರಾಗಿ ದಿಕ್ಕೇ ತಪ್ಪಾಗಿ ಕಾಣುತ್ತದೆ.

ಇದಕ್ಕೂ ಮಿತಿ ಇದೆ. ಗಟ್ಟಿ ಬಂಡೆಯ ನೆಲದಲ್ಲಿ ನೀರು ಬಿರುಕುಗಳ ಮೂಲಕ ಓಡುತ್ತದೆ, ನಕ್ಷೆಯ ಬಾಣದ ಮಾತನ್ನು ಯಾವಾಗಲೂ ಕೇಳುವುದಿಲ್ಲ. ಅದಕ್ಕೇ ದಿಕ್ಕಿನ ಲೆಕ್ಕ ಮತ್ತು ನೀರಿನ ಪರೀಕ್ಷೆ ಎರಡೂ ಒಂದನ್ನೊಂದು ಒಪ್ಪುತ್ತವೆಯೇ ಎಂದು ನೋಡಬೇಕು. ನಮ್ಮಲ್ಲಿ ಒಪ್ಪಿದವು. ಘಟಕದ ಕೆಳಹರಿವಿನಲ್ಲಿ ಹತ್ತಿರದ ಬಾವಿಯಲ್ಲಿ ಲೀಟರಿಗೆ 1.4 ಮಿಲಿಗ್ರಾಂ, ಅದರ ಮುಂದಿನದರಲ್ಲಿ 0.3, ಇನ್ನೂ ದೂರದ್ದರಲ್ಲಿ 0.08. ಘಟಕದ ಮೇಲ್ಹರಿವಿನ ಬಾವಿಯಲ್ಲಿ ಕ್ರೋಮಿಯಂ ಪತ್ತೆಯೇ ಆಗಲಿಲ್ಲ.

ಆ ಕೆಡದ ಬಾವಿಯ ಬೆಲೆ ಪಾಟೀಸವಾಲಿನ ಹೊತ್ತಿಗೆ ಗೊತ್ತಾಯಿತು. ಎದುರು ಪಕ್ಷದ ತಜ್ಞರು, ಕ್ರೋಮಿಯಂ ಕೆಲವು ಬಂಡೆಗಳಲ್ಲಿ ಸಹಜವಾಗಿಯೇ ಇರುತ್ತದೆ ಎಂದರು. ಮಾತು ಸುಳ್ಳಲ್ಲ. ಆದರೆ ಅದೇ ಬಂಡೆ, ಹೆಚ್ಚುಕಡಿಮೆ ಅದೇ ಆಳ ಇರುವ ಮೇಲ್ಹರಿವಿನ ಬಾವಿಯಲ್ಲಿ ಯಾಕಿಲ್ಲ? ನಂತರ ಶೌಚಗುಂಡಿ, ಗೊಬ್ಬರ ಎಂದರು. ಅವು ನೈಟ್ರೇಟನ್ನು ಏರಿಸುತ್ತವೆ. ನೈಟ್ರೇಟ್ ಮೇಲಿನ ಬಾವಿಯಲ್ಲೂ ಕೆಳಗಿನ ಬಾವಿಗಳಲ್ಲೂ ಸುಮಾರು ಒಂದೇ ಇತ್ತು, ಏರಿದ್ದು ಕ್ರೋಮಿಯಂ ಮಾತ್ರ. ಬರೀ ಕೆಟ್ಟ ಬಾವಿಗಳನ್ನೇ ಪರೀಕ್ಷೆ ಮಾಡಿಸಿದ್ದರೆ ಈ ಎರಡು ವಾದಗಳಿಗೂ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ.

ನೀರಿನ ಮಾದರಿ ತೆಗೆಯುವುದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಒಳ್ಳೊಳ್ಳೆ ಪ್ರಕರಣಗಳು ಬೀಳುವುದು ಇಲ್ಲೇ. ಬೋರ್‌ವೆಲ್ ಆದರೆ ಪೈಪಿನಲ್ಲಿ ನಿಂತ ನೀರು ಪೂರ್ತಿ ಹೋಗುವವರೆಗೆ ಪಂಪ್ ಓಡಿಸಬೇಕು, ಆಮೇಲೆ ಹಿಡಿಯಬೇಕು. ಒಟ್ಟು ಕ್ರೋಮಿಯಂ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕುತ್ತಾರೆ. ಹೆಕ್ಸಾವೇಲೆಂಟ್ ಪರೀಕ್ಷೆಯ ಬಾಟಲಿಗೆ ಅದನ್ನು ಹಾಕಲೇಬಾರದು. ಹಾಕಿದರೆ ಅದು ಟ್ರೈವೇಲೆಂಟ್ ಆಗಿ ಬದಲಾಗಿ, ಇದ್ದದ್ದೂ ಇಲ್ಲ ಎಂದು ವರದಿ ಬರಬಹುದು. ಅದನ್ನು ಸೋಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, 24 ಗಂಟೆಯೊಳಗೆ ಪರೀಕ್ಷೆಗೆ ಹತ್ತಿಸುವುದು ಸುರಕ್ಷಿತ. ಹಾಗಾಗಿ ಪ್ರತಿ ಬಾವಿಗೂ ಎರಡು ಬೇರೆ ಬಾಟಲಿ. ಮಾನ್ಯತೆ ಪಡೆದ ಪ್ರಯೋಗಾಲಯದವರೇ ಬಂದು ಮಾದರಿ ತೆಗೆದರು. ಘಟಕಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೊದಲೇ ಪತ್ರ ಬರೆದು ಬರಲು ಹೇಳಿದ್ದೆವು. ಘಟಕದವರು ಬರಲಿಲ್ಲ, ಪತ್ರದ ಸ್ವೀಕೃತಿ ಮಾತ್ರ ನಮ್ಮ ಕಡತದಲ್ಲಿ ಉಳಿಯಿತು. ಬಾಟಲಿಯ ಮೇಲೆ ಬಾವಿಯ ನಂಬರ್, ದಿನ, ಹೊತ್ತು, ತೆಗೆದವರ ಸಹಿ, ಸೀಲು. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಬೇರೆಯೇ ಒಂದು ಹಾಳೆ. ಮನೆಯ ಹಳೆ ಬಾಟಲಿಯಲ್ಲಿ ತುಂಬಿ ಕಳಿಸಿದ ನೀರಿನ ವರದಿಯನ್ನು ಎದುರು ವಕೀಲರು ಎರಡೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತಾರೆ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ತೆಗೆಸಿದೆವು. ಮಳೆ ನೀರು ಬೆರೆತು ಅಂಕಿ ಇಳಿಯುತ್ತದೆ, ಬಾವಿಗಳ ನಡುವಿನ ಕ್ರಮ ಮಾತ್ರ ಹಾಗೇ ಇತ್ತು.

ಇನ್ನು ಕಾರ್ಖಾನೆಯ ಒಳಗಿನ ಲೆಕ್ಕ. ಮಂಡಳಿ ಕೊಟ್ಟ ಅನುಮತಿ ಪತ್ರ, ತಪಾಸಣೆ ವರದಿಗಳು, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ, ಇವನ್ನೆಲ್ಲ ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದೆವು. ಅವನ್ನು ವರ್ಷವಾರು ಪಕ್ಕಪಕ್ಕ ಇಟ್ಟಾಗ ಉತ್ಪಾದನೆ ಏರಿದ ವರ್ಷಗಳಲ್ಲೇ ಹೊರಗೆ ಕಳಿಸಿದ ಕೆಸರು ಇಳಿದಿತ್ತು. ಕ್ರೋಮಿಯಂ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಅವರ ಬಳಿ ಒಪ್ಪುವಂಥ ಉತ್ತರ ಇರಲಿಲ್ಲ. ರಾತ್ರಿ ನೀರು ಬಿಡುವುದನ್ನು ನೋಡಿದೆವು ಎನ್ನುವ ಸಾಕ್ಷಿಗಳೂ ನಮ್ಮಲ್ಲಿದ್ದರು, ಆದರೆ ನನ್ನ ಅಭಿಪ್ರಾಯದಲ್ಲಿ ಘಟಕದವರದೇ ಸಹಿ ಇರುವ ಕಾಗದಕ್ಕೆ ಜಾಸ್ತಿ ತೂಕ.

ಅರ್ಜಿ ಹಾಕಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ. 2010ರ ಕಾಯಿದೆಯ 15ನೇ ಸೆಕ್ಷನ್ ಕೆಳಗೆ ಪರಿಹಾರ, ಆಸ್ತಿ ಮತ್ತು ಪರಿಸರವನ್ನು ಸರಿಪಡಿಸುವಿಕೆ ಎರಡನ್ನೂ ಕೇಳಬಹುದು. ಪರಿಹಾರ ಕೇಳುವ ಕಾರಣ ಮೊದಲು ಹುಟ್ಟಿದ ದಿನದಿಂದ 5 ವರ್ಷದೊಳಗೆ ಅರ್ಜಿ ಹಾಕಬೇಕು, ಸಕಾರಣ ಇದ್ದರೆ ಇನ್ನು 60 ದಿನ ಸಿಗುತ್ತದೆ. ಹಾಗಾಗಿ ನೀರು ಕೆಟ್ಟದ್ದು ಮೊದಲು ಗೊತ್ತಾದ ದಿನಕ್ಕೆ ದಾಖಲೆ ಇರಬೇಕು. ನಮ್ಮಲ್ಲಿ ಪಂಚಾಯಿತಿಗೆ ಕೊಟ್ಟ ಹಳೇ ದೂರಿನ ಪ್ರತಿ ಅದಕ್ಕೆ ಬಂತು. ಕೇಳುವ ಪರಿಹಾರದ ಶೇಕಡಾ 1 ಶುಲ್ಕ ಕಟ್ಟಬೇಕು, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ. ಸುಮ್ನೆ ದೊಡ್ಡ ಮೊತ್ತ ಬರೆದರೆ ಶುಲ್ಕವೂ ಏರುತ್ತದೆ, ನಂಬಿಕೆಯೂ ಹೋಗುತ್ತದೆ.

ಕಾರ್ಖಾನೆಯವರು ಅಜಾಗರೂಕರಾಗಿದ್ದರು ಎಂದು ಸಾಬೀತು ಮಾಡುವ ಹೊರೆ ನಮ್ಮ ಮೇಲೆ ಇರಲಿಲ್ಲ. ರಾಜಸ್ಥಾನದ ಬಿಚ್ಛ್ರಿಯಲ್ಲಿ ರಾಸಾಯನಿಕ ಘಟಕಗಳಿಂದ ಸುತ್ತಲಿನ ಬಾವಿಗಳು ಹಾಳಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ: ಅಪಾಯಕಾರಿ ಕೆಲಸ ಮಾಡುವವರು ಎಷ್ಟೇ ಎಚ್ಚರ ವಹಿಸಿದ್ದರೂ ಆದ ಹಾನಿಗೆ ಅವರೇ ಹೊಣೆ. ಆದರೆ ಹಾನಿ ಅವರಿಂದಲೇ ಆಯಿತು ಎಂಬ ಕೊಂಡಿಯನ್ನು ನಾವೇ ತೋರಿಸಬೇಕು. ಎಷ್ಟೋ ಜನ ಈ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಬಾವಿಯ ನಷ್ಟ ಲೆಕ್ಕ ಹಾಕುವುದು ಸುಲಭ. ಟ್ಯಾಂಕರ್ ನೀರಿನ ಖರ್ಚು, ಬೇರೆ ನೀರಿನ ಏರ್ಪಾಡಿನ ಖರ್ಚು, ನೀರಿಲ್ಲದೆ ಬಿಟ್ಟ ಬೆಳೆಯ ನಷ್ಟ. ರಸೀದಿ ಇಲ್ಲದವರ ಪರವಾಗಿ ಟ್ಯಾಂಕರ್ ಮಾಲೀಕರಿಂದಲೇ ಅಫಿಡವಿಟ್ ಪಡೆದೆವು.

ಆರೋಗ್ಯದ ವಿಷಯ ಕಷ್ಟದ್ದು, ಮನಸ್ಸಿಗೂ ಕಷ್ಟ. ಇಲ್ಲಿ ಎರಡು ಪ್ರಶ್ನೆಗಳಿವೆ. ಈ ವಸ್ತು ಈ ಕಾಯಿಲೆ ತರಬಲ್ಲದೇ? ಈ ವ್ಯಕ್ತಿಗೆ ಬಂದದ್ದು ಇದರಿಂದಲೇ? ಹೆಕ್ಸಾವೇಲೆಂಟ್ ಕ್ರೋಮಿಯಂ ಚರ್ಮಕ್ಕೆ ತಾಗಿದರೆ ಅಲರ್ಜಿಯ ತುರಿಕೆ, ಹುಣ್ಣು ಆಗಬಹುದು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಮೊದಲ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎರಡನೆಯದಕ್ಕೆ ಮನೆಮನೆಯ ಪಟ್ಟಿ ಮಾಡಿದೆವು: ಸ್ನಾನಕ್ಕೆ ಯಾವ ಬಾವಿ, ಎಷ್ಟು ವರ್ಷದಿಂದ, ತುರಿಕೆ ಯಾವಾಗ ಶುರು, ಕೆಲಸ ಏನು, ನೀರು ಬದಲಿಸಿದ ಮೇಲೆ ಕಡಿಮೆಯಾಯಿತೇ. ಕೆಲಸ ಕೇಳುವುದು ಮುಖ್ಯ. ಸಿಮೆಂಟ್ ಕೆಲಸ ಮಾಡುವವರಿಗೂ ಕ್ರೋಮಿಯಂನಿಂದಲೇ ತುರಿಕೆ ಬರುತ್ತದೆ. ಅದನ್ನು ನಾವೇ ಮೊದಲು ಹೇಳದಿದ್ದರೆ ಎದುರಿನವರು ಹೇಳುತ್ತಾರೆ. ಚರ್ಮವೈದ್ಯರು ಪ್ರತಿಯೊಬ್ಬರನ್ನೂ ನೋಡಿ, ಅಲರ್ಜಿ ತರುವ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಮಾಡಿದರು. ನೀರು ಬದಲಿಸಿದ ಮೇಲೆ ವಾಸಿಯಾಗಿ, ಪರೀಕ್ಷೆಯಲ್ಲೂ ಕ್ರೋಮಿಯಂ ಅಲರ್ಜಿ ಕಂಡವರ ಹೆಸರನ್ನು ಮಾತ್ರ ಚರ್ಮರೋಗದ ಪರಿಹಾರಕ್ಕೆ ಹಾಕಿದೆವು.

ಒಬ್ಬರಿಗೆ ಕಿಡ್ನಿ ತೊಂದರೆ ಇತ್ತು. "ಇಷ್ಟು ವರ್ಷ ಅದೇ ನೀರು ಕುಡಿದಿದ್ದೀನಿ, ಇದಕ್ಕೇ ಬಂದಿದ್ದು ಅಲ್ವಾ ಸಾರ್?" ಎಂದು ಕೇಳಿದರು. ಇರಬಹುದು. ಆದರೆ ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯೂ ಇತ್ತು. ಎರಡನ್ನೂ ಬೇರ್ಪಡಿಸಿ ಹೇಳಲು ಯಾವ ವೈದ್ಯರೂ ಒಪ್ಪಲಿಲ್ಲ. ದುರ್ಬಲವಾದ ಒಂದು ಬೇಡಿಕೆ ಗಟ್ಟಿಯಾದವುಗಳ ಮೇಲೂ ಅನುಮಾನ ತರುತ್ತದೆ ಎಂದು ಅವರ ಎದುರು ಕೂತು ವಿವರಿಸಿದೆ. ಅವರ ಬಾವಿಯ ನಷ್ಟವನ್ನು ಕೇಳಿದೆವು, ಕಿಡ್ನಿಯದನ್ನು ಕೇಳಲಿಲ್ಲ. ಬದಲಿಗೆ ಕೆಳಹರಿವಿನ ಎಲ್ಲ ಮನೆಯವರಿಗೂ ಘಟಕದ ಖರ್ಚಿನಲ್ಲಿ ವರ್ಷವರ್ಷ ಆರೋಗ್ಯ ತಪಾಸಣೆ ಆಗಬೇಕು ಎಂದು ಪ್ರತ್ಯೇಕವಾಗಿ ಬೇಡಿದೆವು.

ಆದೇಶದಲ್ಲಿ ಬಾವಿಯ ನಷ್ಟ ಹೆಚ್ಚುಕಡಿಮೆ ಕೇಳಿದಷ್ಟೇ ಸಿಕ್ಕಿತು. ಚರ್ಮರೋಗಕ್ಕೆ ಚಿಕಿತ್ಸೆಯ ಖರ್ಚು, ಕಳೆದ ಕೂಲಿ ಸಿಕ್ಕಿತು. ನೋವಿಗೆಂದು ಕೇಳಿದ್ದನ್ನು ತುಂಬಾ ಕಡಿತ ಮಾಡಿದರು, ಅದು ಸರಿಯಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ತಪಾಸಣೆಯ ಬೇಡಿಕೆಯನ್ನು ಒಪ್ಪಿದರು. ನೀರನ್ನು ಮೇಲೆತ್ತಿ ಸಂಸ್ಕರಿಸುವ ಕೆಲಸ ಮಂಡಳಿಯ ಉಸ್ತುವಾರಿಯಲ್ಲಿ ಇನ್ನೂ ನಡೆಯುತ್ತಿದೆ. ಹತ್ತಿರದ ಬಾವಿ ಇನ್ನೂ ಮಿತಿಯೊಳಗೆ ಬಂದಿಲ್ಲ.