ಎನ್‌ಕ್ವೈರಿ ಫಾರ್ಮ್ ಅರ್ಧಕ್ಕೇ ಬಿಟ್ಟು ಹೋಗ್ತಿದ್ದಾರಾ? ರೆಕಾರ್ಡಿಂಗ್ ನೋಡಿ ಕಾರಣ ಹಿಡಿಯೋದು ಹೀಗೆ

ಶಿರಸಿ ಹತ್ರ ಅಡಿಕೆ ತೋಟದಲ್ಲಿ ಹೋಮ್‌ಸ್ಟೇ ನಡೆಸೋ ಗೆಳೆಯರೊಬ್ಬರು ಮೊನ್ನೆ ಹೇಳ್ತಾ ಇದ್ರು, "ಜನ ಪೇಜಿಗೆ ಬತ್ತ, ಫೋಟೋ ನೋಡ್ತ, ಎನ್‌ಕ್ವೈರಿ ಮಾತ್ರ ಬತ್ತಿಲ್ಲೆ." ಅವರದು ಉದ್ದದ ಪೇಜು. ಮೇಲೆ ತೋಟದ ಫೋಟೋಗಳು, ಆಮೇಲೆ ರೂಮು, ಊಟ, ಯಾಣಕ್ಕೆ ಹೋಗೋ ದಾರಿ, ರೇಟು, ಎಲ್ಲಾ ಮುಗಿದು ಕೊನೇಲಿ ಫಾರ್ಮು. ಇಂಥ ಕಡೆ ರೇಟ್ ಜಾಸ್ತಿ ಆಯ್ತೇನೋ ಅಂತ ಊಹೆ ಮಾಡಿ ರೇಟ್ ಇಳಿಸೋಕ್ಕಿಂತ, ಜನ ಎಲ್ಲಿ ನಿಂತ್ರು ಅಂತ ಮೊದ್ಲು ಕಣ್ಣಾರೆ ನೋಡಿ.

ಮೈಕ್ರೋಸಾಫ್ಟ್ ಕ್ಲಾರಿಟಿ ಅನ್ನೋ ಟೂಲ್ ಫ್ರೀ, ಅದರ ಪುಟ್ಟ ಕೋಡನ್ನ ಸೈಟಿನ ಹೆಡ್‌ನಲ್ಲಿ ಹಾಕಿದ್ರೆ ಬಂದವರು ಎಲ್ಲಿ ಒತ್ತಿದ್ರು, ಎಷ್ಟು ಕೆಳಗೆ ಹೋದ್ರು ಅನ್ನೋದು ವಿಡಿಯೋ ಥರ ರೆಕಾರ್ಡ್ ಆಗತ್ತೆ. ಜೊತೆಗೆ ಮಾಡ್ಕೋಬೇಕಾದ ಮುಖ್ಯ ಕೆಲ್ಸ ಒಂದಿದೆ, ಫಾರ್ಮ್ ಕಳಿಸಿದ ಮೇಲೆ "ಧನ್ಯವಾದ" ಅಂತ ಅದೇ ಪೇಜಲ್ಲಿ ತೋರಿಸದೆ `/thanks` ಥರದ ಬೇರೆ ಪೇಜಿಗೆ ಕಳಿಸಿ. ಇಲ್ದಿದ್ರೆ ಕಳಿಸಿ ಹೋದವ್ರು, ಬಿಟ್ಟು ಹೋದವ್ರು ಇಬ್ರೂ ಒಂದೇ ಪೇಜಿಂದ ಹೊರಗೆ ಹೋದ ಹಾಗೆ ಕಾಣ್ತಾರೆ, ಬೇರೆ ಮಾಡೋದು ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮನೆಯ ಐಪಿಯನ್ನೂ ಬ್ಲಾಕ್ ಮಾಡಿ, ದಿನಾ ನೀವೇ ಪೇಜ್ ತೆರೆದು ನೋಡಿದ್ದೂ ಲೆಕ್ಕಕ್ಕೆ ಸೇರ್ಬಾರ್ದು ನೋಡಿ.

ಒಂದೆರಡು ವಾರ ಬಿಟ್ಟು ಮೊದ್ಲು ಹೀಟ್‌ಮ್ಯಾಪ್ ತೆಗೀರಿ, ಅಂದ್ರೆ ಜನ ಎಲ್ಲಿ ಒತ್ತಿದ್ರು, ಎಲ್ಲೀತನಕ ಹೋದ್ರು ಅಂತ ಪೇಜಿನ ಮೇಲೇ ಬಣ್ಣದಲ್ಲಿ ತೋರಿಸೋ ಚಿತ್ರ, ಅದ್ರಲ್ಲೂ ಸ್ಕ್ರೋಲ್ ಮ್ಯಾಪ್, ಮೊಬೈಲಿಗೆ ಬೇರೆ ಕಂಪ್ಯೂಟರಿಗೆ ಬೇರೆ, ಎರಡನ್ನೂ ಸೇರಿಸಿ ನೋಡಿದ್ರೆ ಅರ್ಥ ಇಲ್ಲ ಯಾಕಂದ್ರೆ ಪೇಜಿನ ಉದ್ದವೇ ಬೇರೆ ಬೇರೆ. ಕೆಳಗೆ ಹೋದ ಹಾಗೆ ಜನ ಕಮ್ಮಿ ಆಗೋದು ಸಹಜ, ಅದಕ್ಕೆ ಗಾಬರಿ ಬೇಡ. ಬಣ್ಣ ಎಲ್ಲಿ ಒಮ್ಮೆಲೇ ಬದಲಾಗತ್ತೆ ಅಂತ ಹುಡುಕಿ. ಇವರ ಪೇಜಲ್ಲಿ ಯಾಣದ ಬಂಡೆಗಳ ದೊಡ್ಡ ಫೋಟೋ ಇತ್ತು, ಸ್ಕ್ರೀನ್ ತುಂಬಾ, ಅದರ ಕೆಳಗೆ ಬಿಳಿ ಜಾಗ. ಫಾರ್ಮಿನವರೆಗೆ ಹೋಗದವರಲ್ಲಿ ತುಂಬಾ ಜನ ಅಲ್ಲೇ ನಿಂತಿದ್ರು. ಪೇಜ್ ಮುಗೀತು ಅಂದ್ಕೊಂಡಿದ್ರು ಅಂತ ಅನ್ಸತ್ತೆ ಅಲ್ವಾ, ಆದ್ರೆ ಹೀಟ್‌ಮ್ಯಾಪ್ ಜಾಗ ತೋರಿಸತ್ತೆ ಅಷ್ಟೆ, ಕಾರಣ ಹೇಳಲ್ಲ.

ಕಾರಣಕ್ಕೆ ರೆಕಾರ್ಡಿಂಗ್‌ಗೆ ಬರ್ಬೇಕು. ಎಲ್ಲಾ ರೆಕಾರ್ಡಿಂಗ್ ನೋಡ್ತಾ ಕೂತ್ರೆ ದಿನ ಹೋಗತ್ತೆ. ಫಿಲ್ಟರ್‌ನಲ್ಲಿ `Exit URL`, ಅಂದ್ರೆ ಕೊನೆಗೆ ಹೊರಗೆ ಹೋದ ಪೇಜು, ಅಲ್ಲಿ ಫಾರ್ಮ್ ಇರೋ ಪೇಜು, ಡಿವೈಸ್ ಮೊಬೈಲ್ ಅಂತ ಹಾಕಿ, ಆಮೇಲೆ ಜಾಸ್ತಿ ಹೊತ್ತು ಇದ್ದವರದ್ದು ಮೊದ್ಲು ನೋಡಿ. ಹತ್ತು ಸೆಕೆಂಡಿಗೆ ಹೋದವರು ಏನೂ ಕಲಿಸಲ್ಲ, ಫಾರ್ಮ್ ತುಂಬಿ ಬಿಟ್ಟು ಹೋದವರು ಬೇಕಾಗಿಯೇ ಬಂದವರು, ಅವರನ್ನ ಕಳ್ಕೊಂಡದ್ದೇ ನಿಜವಾದ ನಷ್ಟ.

ಫೋಟೋ ವಿಷಯ ಬೇಗ ಗೊತ್ತಾಯ್ತು. ಕೆಳಗೆ ಬಂದು, ಫೋಟೋ ಹತ್ರ ನಿಂತು, ವಾಪಸ್ ಮೇಲೆ ಹೋಗಿ ಮೆನುವಲ್ಲಿ ಹುಡುಕಿ ಹೊರಗೆ ಹೋಗೋದು ಮತ್ತೆ ಮತ್ತೆ ಕಾಣ್ತು. ಫೋಟೋ ಚಿಕ್ಕದು ಮಾಡಿ ರೇಟಿನ ಪಕ್ಕದಲ್ಲೇ ಎನ್‌ಕ್ವೈರಿ ಬಟನ್ ಇಟ್ರೆ ಆಯ್ತು.

ಆದ್ರೆ ಫಾರ್ಮ್ ತುಂಬಿದವರು ಯಾಕೆ ಹೋದ್ರು? ಅವರ ರೆಕಾರ್ಡಿಂಗ್‌ನಲ್ಲಿ "ಕಳಿಸಿ" ಬಟನ್ ಮೇಲೆ ಟಕಟಕ ಅಂತ ನಾಲ್ಕೈದು ಸಲ ಒತ್ತಿದ್ದು ಕಾಣ್ತಿತ್ತು, ಇದನ್ನ ಕ್ಲಾರಿಟಿ ರೇಜ್ ಕ್ಲಿಕ್ ಅಂತ ಗುರುತು ಮಾಡಿರತ್ತೆ. ಬಾಕ್ಸಲ್ಲಿ ಟೈಪ್ ಮಾಡಿದ್ದನ್ನ ಟೂಲ್ ಚುಕ್ಕಿ ಮಾಡಿ ಮುಚ್ಚಿರತ್ತೆ, ಹಾಗೇ ಇರ್ಲಿ, ಬಂದವರ ನಂಬರ್ ನಾವು ಕದ್ದು ನೋಡೋ ಹಾಗಿಲ್ಲ. ಆದ್ರೂ ಒಂದು ಸುಳಿವು ಸಿಕ್ತು, ಫೋನ್ ನಂಬರ್ ಒಂದೊಂದೇ ಅಂಕಿ ಬರದೆ ಒಮ್ಮೆಲೇ ತುಂಬ್ಕೊಂಡಿತ್ತು, ಅಂದ್ರೆ ಫೋನೇ ಆಟೋಫಿಲ್ ಮಾಡಿದ್ದು. ಅದನ್ನೇ ನಮ್ಮ ಫೋನಲ್ಲಿ ಮಾಡಿ ನೋಡಿದ್ವಿ. ಆಟೋಫಿಲ್ `+91` ಸೇರಿಸಿ ಹಾಕ್ತಿತ್ತು, ಫಾರ್ಮಿಗೆ ಹತ್ತೇ ಅಂಕಿ ಬೇಕು, ತಪ್ಪಿದೆ ಅನ್ನೋ ಕೆಂಪು ಸಾಲು ಪೇಜಿನ ಮೇಲ್ಗಡೆ ಎಲ್ಲೋ ಬರ್ತಿತ್ತು, ಕೆಳಗೆ ಬಟನ್ ಹತ್ರ ಇರೋರಿಗೆ ಕಾಣೋದೇ ಇಲ್ಲ. ಒತ್ತಿದ್ರೂ ಏನೂ ಆಗಲ್ಲ ಅಂತ ಬಿಟ್ಟು ಹೋಗ್ತಿದ್ರು.

ನಂಬರಿನಲ್ಲಿ ಪ್ಲಸ್, ಸ್ಪೇಸ್ ಏನಿದ್ರೂ ತೆಗೆದು ಬರೀ ಅಂಕಿ ಎಣಿಸಿ, ಹತ್ತೇ ಬೇಕು ಅನ್ನದೆ ಎಂಟೋ ಅದಕ್ಕಿಂತ ಜಾಸ್ತಿಯೋ ಇದ್ರೆ ಒಪ್ಕೊಂಡ್ರೆ ಸರಿಯಾಗತ್ತೆ, ಗೋಕರ್ಣಕ್ಕೆ ಬಂದು ಇತ್ತ ಬರೋ ವಿದೇಶದವರ ನಂಬರಿಗೂ ತೊಂದ್ರೆ ಆಗಲ್ಲ:

```
const digits = phone.value.replace(/\D/g, "");
const ok = digits.length >= 8;
```

ತಪ್ಪಿನ ಸಾಲನ್ನ ಆ ಬಾಕ್ಸಿನ ಕೆಳಗೇ ತೋರಿಸಿ.

ಎರಡೂ ಬದಲಾವಣೆ ಒಟ್ಟಿಗೆ ಮಾಡ್ಬೇಡಿ, ಯಾವುದರಿಂದ ಎನ್‌ಕ್ವೈರಿ ಬಂತು ಅಂತ ಗೊತ್ತಾಗಲ್ಲ. ಫಾರ್ಮ್ ಮೊದ್ಲು ಸರಿ ಮಾಡಿ, ಒಂದೆರಡು ವಾರ ಅದೇ ಫಿಲ್ಟರ್ ಹಾಕಿ ರೇಜ್ ಕ್ಲಿಕ್ ಕಮ್ಮಿ ಆಯ್ತಾ, `/thanks` ಪೇಜ್ ತಲುಪಿದವರು ಜಾಸ್ತಿ ಆದ್ರಾ ನೋಡಿ, ಆಮೇಲೆ ಫೋಟೋಗೆ ಕೈ ಹಾಕಿ. ಪೇಜ್ ಬದಲಾದ ದಿನಾಂಕ ಬರ್ಕೊಳ್ಳಿ, ಹಳೇ ದಿನಗಳ ಕ್ಲಿಕ್ಕು ಹೊಸ ಪೇಜಿನ ಮೇಲೆ ಬಿದ್ದ ಹೀಟ್‌ಮ್ಯಾಪ್ ನೋಡಿದ್ರೆ ದಾರಿ ತಪ್ಪತ್ತೆ. ಇನ್ನು ಬಟನ್ ಒತ್ತದೇ ಸುಮ್ನೆ ರೇಟ್ ಹತ್ರ ನಿಂತು ಹೋದವರದ್ದು ಮಾತ್ರ ಯಾವ ರೆಕಾರ್ಡಿಂಗೂ ಹೇಳಲ್ಲ, ಅದಕ್ಕೆ ಬಂದು ಉಳ್ಕೊಂಡ ಗೆಸ್ಟ್‌ಗಳನ್ನೇ ಊಟದ ಹೊತ್ತಿಗೆ ಕೇಳ್ಬೇಕು, ಬುಕ್ ಮಾಡೋಕೆ ಮುಂಚೆ ಏನು ಅನುಮಾನ ಇತ್ತು ಅಂತ.