‘ಮೊದಲ 30 ದಿನ’ದ ಷರತ್ತನ್ನು ಕನ್ನಡಕ್ಕೆ ತಂದಾಗ

ಆರೋಗ್ಯ ವಿಮೆಯ ಪಾಲಿಸಿಗಳನ್ನು ಸರಳ ಕನ್ನಡಕ್ಕೆ ತರುವುದು ನನ್ನ ಕೆಲಸ. ಅದರಲ್ಲಿ ಜಾಸ್ತಿ ಹೊತ್ತು ಹಿಡಿದದ್ದು Excl03 ಎಂಬ ಷರತ್ತು, ಅಂದರೆ ಮೊದಲ 30 ದಿನ ಯಾವ ಖರ್ಚು ಸಿಗುವುದಿಲ್ಲ ಎಂದು ಹೇಳುವ ಭಾಗ. ಇರುವುದು ಮೂರೇ ವಾಕ್ಯ. ಮೊದಲ ಕರಡಿನಲ್ಲಿ “ಪಾಲಿಸಿ ಮಾಡಿಸಿದ 30 ದಿನ ಕ್ಲೇಮ್ ಸಿಗುವುದಿಲ್ಲ” ಎಂದು ಬರೆದೆ. ಓದಲು ಸಲೀಸು, ಆದರೆ ತಪ್ಪು.

ಮೂಲದಲ್ಲಿ ತಡೆ ಇರುವುದು ಕಾಯಿಲೆಯ ಖರ್ಚಿಗೆ, ಅಪಘಾತಕ್ಕಲ್ಲ. ಹತ್ತನೇ ದಿನ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡವರು ನನ್ನ ಸಾಲನ್ನು ನಂಬಿದರೆ ಅರ್ಜಿಯನ್ನೇ ಹಾಕುವುದಿಲ್ಲ, ಅಲ್ವಾ? ಸರಿ, “ಅಪಘಾತವಾದರೆ ಹಣ ಸಿಗುತ್ತದೆ” ಎಂದು ಸೇರಿಸಿದೆ. ಅದೂ ತಪ್ಪೇ. ‘ಆ ಖರ್ಚು ಪಾಲಿಸಿಯಲ್ಲಿ ಸೇರಿದ್ದರೆ’ ಎಂಬ ಕೊಂಡಿ ಮೂಲದಲ್ಲಿದೆ. ಮೊದಲ ಸಲ ಇದ್ದದ್ದನ್ನು ಕಿತ್ತುಕೊಂಡಿದ್ದೆ, ಎರಡನೇ ಸಲ ಇಲ್ಲದ್ದನ್ನು ಕೊಟ್ಟಿದ್ದೆ.

ಕೊನೆಗೆ ನಿಂತದ್ದು ಹೀಗೆ:

“ಮೊದಲ ಪಾಲಿಸಿ ಶುರುವಾದ ದಿನದಿಂದ 30 ದಿನದೊಳಗೆ ಯಾವುದೇ ಕಾಯಿಲೆಗೆ ಪಡೆದ ಚಿಕಿತ್ಸೆಯ ಖರ್ಚನ್ನು ಕೊಡುವುದಿಲ್ಲ. ಅಪಘಾತದಿಂದ ಬಂದ ಕ್ಲೇಮಿಗೆ ಈ ತಡೆ ಇಲ್ಲ, ಆದರೆ ಆ ಖರ್ಚು ಪಾಲಿಸಿಯಲ್ಲಿ ಸೇರಿರಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಕವರ್ ಎಡೆಬಿಡದೆ ನಡೆದಿದ್ದರೆ ಈ ಷರತ್ತು ಅನ್ವಯಿಸುವುದಿಲ್ಲ. ಮುಂದೆ ವಿಮಾ ಮೊತ್ತ ಹೆಚ್ಚಿಸಿದರೆ, ಹೆಚ್ಚಿಸಿದ ಮೊತ್ತಕ್ಕೆ ಈ ಕಾಯುವ ಅವಧಿ ಇರುತ್ತದೆ.”

‘ಮೊದಲ’ ಎಂಬ ಪದವನ್ನು ಬಿಟ್ಟರೆ ಪ್ರತಿ ವರ್ಷ ನವೀಕರಿಸಿದಾಗಲೂ 30 ದಿನ ಕಾಯಬೇಕು ಎಂದು ಜನ ಓದುತ್ತಾರೆ. ಕೊನೆಯ ವಾಕ್ಯಕ್ಕೆ ಉದಾಹರಣೆ ಬೇಕೇ ಬೇಕಿತ್ತು: ಮೊತ್ತ 3 ಲಕ್ಷದಿಂದ 5 ಲಕ್ಷಕ್ಕೆ ಏರಿದರೆ, ಕಾಯಬೇಕಾದದ್ದು ಹೊಸ 2 ಲಕ್ಷಕ್ಕೆ ಮಾತ್ರ. ಇದನ್ನು ಷರತ್ತಿನೊಳಗೆ ತುರುಕದೆ, ಕೆಳಗೆ ‘ಉದಾಹರಣೆ’ ಎಂದು ಬೇರೆ ಬರೆದೆ. ಅಪಘಾತಕ್ಕೂ ಹಾಗೇ. ‘ಬಿದ್ದು, ಸುಟ್ಟು’ ಎಂದು ಷರತ್ತಿನಲ್ಲೇ ಸೇರಿಸಿದರೆ ಅವೆರಡು ಮಾತ್ರ ಅಪಘಾತ ಎಂದಾಗುತ್ತದೆ.

ಕ್ಲೇಮಿನ ಹಂತಗಳಲ್ಲಿ ನಾನು ಎಡವಿದ್ದು ಕ್ಯಾಶ್‌ಲೆಸ್ ಬಗ್ಗೆ, ಅಂದರೆ ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ವ್ಯವಸ್ಥೆಯ ಬಗ್ಗೆ. “ಕ್ಯಾಶ್‌ಲೆಸ್ ನಿರಾಕರಿಸಬಹುದು” ಎಂದಷ್ಟೇ ಬರೆದಿದ್ದೆ. ಓದಿದ ಹೆಂಗಸೊಬ್ಬರು, “ಅಂದ್ರೆ ದುಡ್ಡು ಬರಲ್ಲ, ಅಷ್ಟೇ ತಾನೆ?” ಎಂದು ಕೇಳಿದರು. ಆದರೆ ಮೂಲದಲ್ಲಿ ಮುಂದಿನ ಸಾಲೂ ಇತ್ತು: ಚಿಕಿತ್ಸೆ ಪಡೆದು, ಬಿಲ್ಲು ಕಟ್ಟಿ, ದಾಖಲೆ ಕೊಟ್ಟು ಮರುಪಾವತಿ ಕೇಳಬಹುದು. ನಾನು ಅದನ್ನು ಬೇರೆ ಪುಟಕ್ಕೆ ತಳ್ಳಿದ್ದೆ. ಈಗ ಎರಡೂ ಒಂದೇ ಹಂತದಲ್ಲಿ ಅಕ್ಕಪಕ್ಕ ಇವೆ. ‘ಸಿಗುತ್ತದೆ’ ಎನ್ನದೆ ‘ಕೇಳಬಹುದು’ ಎಂದೇ ಇಟ್ಟಿದ್ದೇನೆ.

ಈಗ ಪ್ರತಿ ಷರತ್ತಿಗೂ ಐದಾರು ಸನ್ನಿವೇಶ ಬರೆದುಕೊಳ್ಳುತ್ತೇನೆ. ಇಪ್ಪತ್ತನೇ ದಿನ ಡೆಂಗಿ, ಅದೇ ದಿನ ಬಿದ್ದು ಪೆಟ್ಟು, ಎರಡನೇ ವರ್ಷ ಜ್ವರ, ಹೀಗೆ. ವಿಮೆ ಗೊತ್ತಿಲ್ಲದವರೊಬ್ಬರು ಕನ್ನಡ ಓದಿ ಉತ್ತರಿಸುತ್ತಾರೆ. ಕ್ಲೇಮ್ ನೋಡುವವರೊಬ್ಬರು ಇಂಗ್ಲಿಷ್ ಮೂಲ ಓದಿ ಉತ್ತರಿಸುತ್ತಾರೆ. ಒಂದು ಉತ್ತರ ಬೇರೆಯಾದರೂ ನಾನು ಆ ವಾಕ್ಯಕ್ಕೆ ವಾಪಸ್ ಹೋಗುತ್ತೇನೆ.