ಮೂರು ಗಂಟೆಯ ಆಟ, ಹಳೇ ಲ್ಯಾಪ್‌ಟಾಪ್, ಉಚಿತ ಎಡಿಟಿಂಗ್: ನನ್ನ ಅನುಭವ

ಯಕ್ಷಗಾನ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ನಮ್ಮ ಕಡೆಯವರಲ್ಲಿ ಎರಡು ಪಂಗಡ ಇದೆ. ಒಂದು, ಎಲ್ಲವನ್ನೂ ಫೋನಲ್ಲೇ ಮುಗಿಸುವವರು. ಇನ್ನೊಂದು, ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇಲ್ಲದೆ ಎಡಿಟಿಂಗಿಗೆ ಕೈ ಹಾಕಬಾರದು ಅನ್ನುವವರು. ನಾನು ಈಗ ಮೂರು ಗಂಟೆಯ ಕಾಲಮಿತಿ ಆಟವನ್ನು ಸೆಕೆಂಡ್‌ಹ್ಯಾಂಡ್ ಐ3 ಲ್ಯಾಪ್‌ಟಾಪಿನಲ್ಲಿ, 8 ಜಿಬಿ ರ್‍ಯಾಮಿನಲ್ಲಿ, ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಡದೆ ಎಡಿಟ್ ಮಾಡುತ್ತೇನೆ. ಚೆಂಡೆಯ ಪೆಟ್ಟು ಮತ್ತು ಕೈ ಕೊನೆಯವರೆಗೂ ಕೂಡಿಯೇ ಇರುತ್ತವೆ. ಪರಿಚಯದ ಸ್ಟುಡಿಯೋದವರೊಬ್ಬರು ಲ್ಯಾಪ್‌ಟಾಪ್ ನೋಡಿ, "ಮಾರಾಯ್ರೆ, ಇದ್ರಲ್ಲಿ ಸಿನಿಮಾ ನೋಡಬಹುದು, ಎಡಿಟಿಂಗ್ ಆಗೋದಲ್ಲ" ಅಂದಿದ್ದರು. ಅವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ಲೆಕ್ಕ. ಒಂದು ಆಟಕ್ಕೆ ಎಡಿಟಿಂಗ್ ಹೊರಗೆ ಕೊಟ್ಟರೆ ಎರಡೂವರೆ ಸಾವಿರದ ಆಸುಪಾಸು ಹೋಗುತ್ತಿತ್ತು. ಸೀಸನ್‌ನಲ್ಲಿ ವಾರಕ್ಕೆ ಎರಡು ಆಟ ಸಿಕ್ಕಿದರೆ ಆ ಖರ್ಚು ತಡೆಯಲಾಗದು. ಚಾನೆಲ್‌ನಿಂದ ಬರುವುದು ಪೆಟ್ರೋಲಿಗೆ ಸರಿಹೋಗುತ್ತದೆ ಅಷ್ಟೆ. ಲ್ಯಾಪ್‌ಟಾಪ್ ಸುಮಾರು ಹದಿನೆಂಟು ಸಾವಿರಕ್ಕೆ ಬಂತು, ಅದಕ್ಕೆ ಎಸ್‌ಎಸ್‌ಡಿ ಹಾಕಿಸಿದ್ದಕ್ಕೆ ಮೂರು ಸಾವಿರದಷ್ಟು ಆಯಿತು. ಇದರಾಚೆ ಖರ್ಚು ಅಂದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದೇ.

ಶುರು ಮಾಡಿದ್ದು ನಾನೂ ಫೋನಲ್ಲೇ. ಫೋನ್ ಆ್ಯಪ್ ಕಲಿಯಲು ಒಂದು ಸಂಜೆ ಸಾಕು, ಅದರಲ್ಲಿ ಎರಡು ಮಾತಿಲ್ಲ. ವಿಎನ್ ತೆಗೆದುಕೊಳ್ಳಿ. ಕತ್ತರಿಸಿ, ಜೋಡಿಸಿ, ಅಕ್ಷರ ಹಾಕಿ, ಕಳಿಸಿ. ವಾಟರ್‌ಮಾರ್ಕ್ ಕೂಡ ಇಲ್ಲ. ಕೈನ್‌ಮಾಸ್ಟರ್‌ನಲ್ಲಿ ಲೇಯರ್ ಕೆಲಸ ಚೆನ್ನಾಗಿದೆ, ಆದರೆ ದುಡ್ಡು ಕೊಡದಿದ್ದರೆ ಮೂಲೆಯಲ್ಲಿ ಅವರ ಹೆಸರು ಬರುತ್ತದೆ. ಎರಡು ಮೂರು ನಿಮಿಷದ ಪದ್ಯ ಒಂದನ್ನು ಕತ್ತರಿಸಿ ಹಾಕುವುದಾದರೆ ಇವತ್ತಿಗೂ ನಾನು ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಇನ್ನೊಂದು ವಿಷಯ ಬಹಳ ಜನ ನಂಬಲ್ಲ: ಎಕ್ಸ್‌ಪೋರ್ಟ್ ವೇಗದಲ್ಲಿ ನನ್ನ ಫೋನ್ ಲ್ಯಾಪ್‌ಟಾಪಿಗಿಂತ ಮುಂದೆ. ಫೋನಿನ ಚಿಪ್‌ನಲ್ಲಿ ವಿಡಿಯೋ ಎನ್‌ಕೋಡ್ ಮಾಡಲೆಂದೇ ಬೇರೆ ಭಾಗ ಇದೆ. ಮೂರು ನಿಮಿಷದ ಕ್ಲಿಪ್ ಒಂದು ನಿಮಿಷದೊಳಗೆ ಹೊರಗೆ ಬರುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಒಂದರಿಂದಲೇ ಅದೇ ಕೆಲಸ ಮಾಡಿಸಿದರೆ ನಾಲ್ಕು ನಿಮಿಷ ಹಿಡಿಯುತ್ತದೆ.

ಇಡೀ ಆಟ ಫೋನಿಗೆ ಹಾಕಿದಾಗ ಲೆಕ್ಕ ತಿರುಗಿತು. ನನ್ನ ಫೋನಲ್ಲಿ 1080ಪಿ ರೆಕಾರ್ಡಿಂಗ್ ನಿಮಿಷಕ್ಕೆ ಹೆಚ್ಚು ಕಡಿಮೆ 130 ಎಂಬಿ ತಿನ್ನುತ್ತದೆ. 4 ಜಿಬಿ ಆದ ಕೂಡಲೇ ಫೈಲ್ ತುಂಡಾಗಿ ಹೊಸದು ಶುರುವಾಗುತ್ತದೆ. ಅಂದರೆ ಅರ್ಧ ಗಂಟೆಗೊಂದು ತುಂಡು, ಮೂರು ಗಂಟೆಗೆ ಆರು, ಒಟ್ಟು 23-24 ಜಿಬಿ. ಎಕ್ಸ್‌ಪೋರ್ಟ್ ಆದ ಫೈಲಿಗೂ ಅದೇ ಫೋನಲ್ಲಿ ಜಾಗ ಬೇಕಲ್ಲ. ಒಂದು ಆ್ಯಪ್ ಎಕ್ಸ್‌ಪೋರ್ಟ್ ಅರ್ಧ ದಾಟಿದ ಮೇಲೆ ಮುಚ್ಚಿಕೊಂಡಿತು. ಇನ್ನೊಂದರಲ್ಲಿ ಕಾಲ್ ಬಂದರೆ ಎಕ್ಸ್‌ಪೋರ್ಟ್ ನಿಂತುಹೋಗುತ್ತಿತ್ತು, ಮೊದಲಿಂದ ಶುರು. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಬೆರಳಿನದು. ಮೂರು ಗಂಟೆಯ ಟೈಮ್‌ಲೈನ್ ಅಂಗೈ ಅಗಲದ ಪರದೆಯಲ್ಲಿದ್ದಾಗ ಒಂದು ಫ್ರೇಮ್ ಸರಿಸಲು ಝೂಮ್ ಮಾಡಬೇಕು, ಮುಂದಿನ ಪದ್ಯಕ್ಕೆ ಹೋಗಲು ಝೂಮ್ ತೆಗೆಯಬೇಕು, ಮತ್ತೆ ಝೂಮ್. ಓಟಿಜಿ ಕೇಬಲ್ ಹಾಕಿ ಮೂರು ನೂರು ರೂಪಾಯಿಯ ಮೌಸ್ ಕೂಡ ಜೋಡಿಸಿ ನೋಡಿದೆ. ಕತ್ತರಿಸುವ ಜಾಗ ಬೆರಳಿಗಿಂತ ಸರಿಯಾಗಿ ಸಿಗುತ್ತದೆ. ಆದರೆ ನಾನು ಬಳಸಿದ ಆ್ಯಪ್‌ನಲ್ಲಿ ಝೂಮಿಗೆ ಮತ್ತೆ ಎರಡು ಬೆರಳೇ ಬೇಕು. ಹಾಗಾಗಿ ಬಿಟ್ಟೆ.

ಪ್ರಾಜೆಕ್ಟ್ ಆ್ಯಪ್‌ನೊಳಗೇ ಉಳಿಯುತ್ತದೆ ಅನ್ನುವುದೂ ನೆನಪಿರಲಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವಿವಾವಿಡಿಯೋ ಕೂಡ ಇತ್ತು. ಅದರಲ್ಲಿ ಕೆಲಸ ಕಲಿತಿದ್ದವರು ಬೇರೆ ಆ್ಯಪ್‌ನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಡೆಸ್ಕ್‌ಟಾಪ್‌ನಲ್ಲಿ ಉಚಿತವಾಗಿ ಸಿಗುವುದರಲ್ಲಿ ಎಲ್ಲರೂ ಮೊದಲು ಹೇಳುವುದು ಡಾವಿಂಚಿ ರಿಸಾಲ್ವ್. ಬಣ್ಣ, ಧ್ವನಿ ಎರಡಕ್ಕೂ ಅದರಷ್ಟು ಒಳ್ಳೆಯದು ಉಚಿತದಲ್ಲಿ ಇನ್ನೊಂದಿಲ್ಲ. ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಬಲದಿಂದಲೇ ನಡೆಯುವಂಥದ್ದು, 16 ಜಿಬಿ ರ್‍ಯಾಮ್ ಇದ್ದರೆ ಚೆಂದ. ನನ್ನ ಯಂತ್ರಕ್ಕೆ ಅದು ಭಾರ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡೂ ಓಡಿದವು. ಕೆಡೆನ್‌ಲೈವ್‌ನಲ್ಲಿ ಸೌಲಭ್ಯ ಜಾಸ್ತಿ, ಕಿಟಕಿಗಳೂ ಜಾಸ್ತಿ. ನಾನು ಶಾಟ್‌ಕಟ್ ಹಿಡಿದೆ. ಎರಡು ವಾರದಷ್ಟು ಸಂಜೆಗಳನ್ನು ಅದಕ್ಕೆ ಕೊಟ್ಟೆ. ಹೊಸಬರು ಹೆದರುವುದು ಮೆನು ನೋಡಿ. ಆಟ ಎಡಿಟ್ ಮಾಡಲು ಅಷ್ಟೆಲ್ಲ ಬೇಕಾಗಿಲ್ಲ. `J`, `K`, `L` ಒತ್ತಿದರೆ ಹಿಂದೆ, ನಿಲುಗಡೆ, ಮುಂದೆ. `S` ಒತ್ತಿದರೆ ಕತ್ತರಿಸುತ್ತದೆ. `X` ಒತ್ತಿದರೆ ತುಂಡು ಹೋಗಿ ಮುಂದಿನದು ಬಂದು ಕೂಡಿಕೊಳ್ಳುತ್ತದೆ. `Z` ಒತ್ತಿದರೆ ತುಂಡು ಹೋಗಿ ಜಾಗ ಖಾಲಿ ಉಳಿಯುತ್ತದೆ. ಕೈ ಇವುಗಳ ಮೇಲೆ ಕೂತ ದಿನ ಫೋನಿನ ವೇಗ ಹಿಂದೆ ಬಿತ್ತು.

ಹಳೇ ಲ್ಯಾಪ್‌ಟಾಪ್ ತಡೆಯುವುದು ಪ್ರಾಕ್ಸಿಯಿಂದ. ಸೆಟ್ಟಿಂಗ್ಸ್‌ನಲ್ಲಿ `Proxy` ಒಳಗೆ `Use Proxy` ಆನ್ ಮಾಡಿದರೆ ಪ್ರತಿ ಫೈಲಿನ ಸಣ್ಣ ನಕಲು ತಯಾರಾಗುತ್ತದೆ. ಎಡಿಟ್ ಮಾಡುವಾಗ ಓಡುವುದು ಆ ನಕಲು. ಎಕ್ಸ್‌ಪೋರ್ಟ್ ವೇಳೆ ಅಸಲಿ ಫೈಲೇ ಹೋಗುತ್ತದೆ, ಗುಣಮಟ್ಟ ಕಡಿಮೆಯಾಗಲ್ಲ. ಆರು ತುಂಡಿನ ನಕಲು ತಯಾರಾಗಲು ನನ್ನಲ್ಲಿ ಒಂದು ರಾತ್ರಿ ಬೇಕು. ಆಟದಿಂದ ಬಂದು ಹಚ್ಚಿಟ್ಟು ಮಲಗುವುದು, ಬೆಳಿಗ್ಗೆ ಕತ್ತರಿ ಹಿಡಿಯುವುದು.

ಇಷ್ಟಾದರೂ ಮೊದಮೊದಲ ಆಟಗಳು ಕೆಟ್ಟವು. ವಿಡಿಯೋ ಫೋನಿನದು, ಧ್ವನಿ ಸೌಂಡ್‌ನವರ ಮಿಕ್ಸರ್‌ನಿಂದ ರೆಕಾರ್ಡರಿಗೆ ತೆಗೆದದ್ದು. ಆರಂಭದ ಪೆಟ್ಟಿಗೆ ಎರಡನ್ನೂ ಕೂಡಿಸಿದರೆ ಮೊದಲ ಪದ್ಯ ಸರಿ. ಯುದ್ಧದ ಹೊತ್ತಿಗೆ ಕೋಲು ಮೇಲಿದ್ದಾಗಲೇ ಚೆಂಡೆ ಕೇಳುತ್ತಿತ್ತು. ಬಹಳ ಜನ ಇದಕ್ಕೆ ಸಾಫ್ಟ್‌ವೇರನ್ನು ಬೈಯುತ್ತಾರೆ. ಕಾರಣ ಬೇರೆ. ಫೋನ್ ಸದಾ ಸೆಕೆಂಡಿಗೆ 30 ಫ್ರೇಮ್ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ 28, 26 ಅಂತ ಇಳಿಯುತ್ತದೆ. ಮೀಡಿಯಾಇನ್ಫೋ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ಫೈಲ್ ತೆರೆದು ನೋಡಿ. `Frame rate mode` ಎದುರು `Variable` ಅಂತ ಇದ್ದರೆ ಅದೇ ರೋಗ. ಶಾಟ್‌ಕಟ್ ಕೂಡ ಇದನ್ನು ಗುರುತಿಸಿ, ಪರಿವರ್ತಿಸಲೇ ಅಂತ ಕೇಳುತ್ತದೆ. ಉದ್ದದ ಫೈಲನ್ನು ನಾನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ, ಈ ಕಮಾಂಡ್ ಕೊಟ್ಟು, ಮೊದಲೇ ಸಮನಾದ 30 ಫ್ರೇಮಿಗೆ ತಂದುಕೊಳ್ಳುತ್ತೇನೆ:

```
ffmpeg -i aata1.mp4 -vf fps=30 -c:v libx264 -crf 20 -preset veryfast -c:a aac -b:a 192k aata1_30.mp4
```

ಪ್ರಾಕ್ಸಿ ಇದಾದ ಮೇಲೆ. ಮೊದಲು ಪ್ರಾಕ್ಸಿ ಮಾಡಿದರೆ ರಾತ್ರಿಯ ಕೆಲಸ ಎರಡು ಸಲ ಆಗುತ್ತದೆ.

ಇದರಿಂದ ದೊಡ್ಡ ವ್ಯತ್ಯಾಸ ಹೋಗುತ್ತದೆ, ಸಣ್ಣದು ಉಳಿಯುತ್ತದೆ. ಫೋನು, ರೆಕಾರ್ಡರ್ ಎರಡರ ಒಳಗಿನ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ನನ್ನ ಜೋಡಿಯಲ್ಲಿ ಗಂಟೆಗೆ ನಾಲ್ಕೈದು ಫ್ರೇಮ್ ಸರಿಯುತ್ತದೆ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಷ್ಟು. ಮಾತುಗಾರಿಕೆಯಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ಚೆಂಡೆಯಲ್ಲಿ ಗೊತ್ತಾಗುತ್ತದೆ.

ಒಂದು ಆಟದ್ದು ಬಿಡಿಸಿ ಹೇಳುತ್ತೇನೆ. ಟೈಮ್‌ಲೈನ್‌ನಲ್ಲಿ ಮೇಲೆ ಫೋನ್ ವಿಡಿಯೋ, ಕೆಳಗೆ ಮಿಕ್ಸರ್ ಧ್ವನಿ. ಎರಡರಲ್ಲೂ ಅಲೆಯ ಗುರುತು ಕಾಣುತ್ತದೆ, ಚೆಂಡೆಯ ಒಂಟಿ ಪೆಟ್ಟು ಚೂಪಾಗಿ ನಿಂತಿರುತ್ತದೆ. ಮೊದಲ ಪೆಟ್ಟು ಕೂಡಿಸಿ, ನೇರ ಗಂಟೆಯ ಕೊನೆಗೆ ಹೋದೆ. ಅಲ್ಲಿ ಧ್ವನಿ ನಾಲ್ಕು ಫ್ರೇಮ್ ಮೊದಲೇ ಬರುತ್ತಿತ್ತು. ಧ್ವನಿಯ ವೇಗ ಬದಲಾಯಿಸಲು ಹೋಗಲಿಲ್ಲ, ಭಾಗವತರ ಶ್ರುತಿಯ ಜೊತೆ ಆಡುವುದು ನನಗೆ ಇಷ್ಟ ಇಲ್ಲ. ಬದಲಿಗೆ ಆ ಗಂಟೆಯಲ್ಲಿ ಪದ್ಯ ಮುಗಿದು ಅರ್ಥ ಶುರುವಾಗುವ ನಾಲ್ಕು ಬಿಡುವು ಹುಡುಕಿದೆ. ಹಿಮ್ಮೇಳ ನಿಂತು ವೇಷಧಾರಿ ಇನ್ನೂ ಬಾಯಿ ತೆರೆಯದ ಜಾಗ. ಅಲ್ಲಿ ಧ್ವನಿಯನ್ನು `S` ಒತ್ತಿ ಕತ್ತರಿಸಿ, ಮುಂದಿನ ಭಾಗವನ್ನು ಒಂದೊಂದೇ ಫ್ರೇಮ್ ಬಲಕ್ಕೆ ಸರಿಸಿದೆ. ನಡುವೆ ಬೀಳುವ ಒಂದು ಫ್ರೇಮಿನ ಖಾಲಿ ಜಾಗಕ್ಕೆ ಎರಡೂ ಕಡೆ ಸಣ್ಣ ಫೇಡ್ ಕೊಟ್ಟರೆ ಟಕ್ ಎಂಬ ಸದ್ದು ಬರುವುದಿಲ್ಲ. ಇಡೀ ಆಟಕ್ಕೆ ಈ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಫೋನಲ್ಲಿ ಇದನ್ನು ಮಾಡಿ ಮುಗಿಸಿದವರನ್ನು ನಾನು ಇನ್ನೂ ನೋಡಿಲ್ಲ. ಮಿಕ್ಸರ್ ಧ್ವನಿಯ ಅಡಿಯಲ್ಲಿ ಫೋನಿನ ಧ್ವನಿಯನ್ನೂ ಸ್ವಲ್ಪ ಉಳಿಸುತ್ತೇನೆ, ಆಗ ಸಭೆಯ ಚಪ್ಪಾಳೆ ಜೀವಂತ ಇರುತ್ತದೆ. ಎಷ್ಟು ಉಳಿಸಬೇಕು, ಯಾವ ಫಿಲ್ಟರ್ ಹಾಕಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಚಾನೆಲ್‌ನ ಧ್ವನಿಗೆ ಹೆಸರು ಬಂದಿರುವುದೇ ಅದರಿಂದ.

ಕನ್ನಡ ಅಕ್ಷರದ ಪರೀಕ್ಷೆಯನ್ನೂ ಸಾಫ್ಟ್‌ವೇರ್ ಆರಿಸುವ ಮೊದಲೇ ಮಾಡಿ. ಟೈಟಲ್‌ನಲ್ಲಿ 'ರಾಷ್ಟ್ರ', 'ಸ್ತ್ರೀ', 'ಕರ್ಣಾರ್ಜುನ', 'ಕೃಷ್ಣ' ಈ ನಾಲ್ಕು ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿದ್ದರೆ, ಅರ್ಕಾವೊತ್ತು ತಪ್ಪು ಜಾಗದಲ್ಲಿ ಬಂದರೆ ಆ ಟೈಟಲ್ ಉಪಕರಣ ನಮ್ಮದಲ್ಲ. ಶಾಟ್‌ಕಟ್‌ನ `Text: Simple` ಫಿಲ್ಟರಿನಲ್ಲಿ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಸರಿಯಾಗಿ ಕೂರುತ್ತವೆ, ಎರಡೂ ಉಚಿತ ಫಾಂಟ್. ಅಕ್ಷರ ಒಡೆಯುವ ಕಡೆ ಉಪಾಯ ಇದೆ: ಟೈಟಲ್ ಮಾತ್ರ ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ ತಂದು ಮೇಲಿನ ಟ್ರ್ಯಾಕ್‌ನಲ್ಲಿ ಇಡುವುದು. ಮೇಳದ ಹೆಸರು, ಭಾಗವತರ ಹೆಸರು ತಪ್ಪಾಗಿ ಹೋದರೆ ಕಾಮೆಂಟ್‌ನಲ್ಲಿ ಅದೊಂದೇ ಚರ್ಚೆ.

ಎಕ್ಸ್‌ಪೋರ್ಟ್‌ನಲ್ಲಿ `Use hardware encoder` ಗುರುತು ಹಾಕಿ. ಇಂಟೆಲ್ ಪ್ರೊಸೆಸರಿನಲ್ಲೂ ಎನ್‌ಕೋಡಿಂಗ್ ಭಾಗ ಇದೆ, ಸುಮ್ನೆ ಖಾಲಿ ಕೂತಿರುತ್ತದೆ. ಅದು ಇಲ್ಲದೆ ಮೂರು ಗಂಟೆಯ ಆಟಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು, ಹಾಕಿದ ಮೇಲೆ ಎರಡರ ಹತ್ತಿರ ಬಂತು. ಅದೇ ಬಿಟ್‌ರೇಟಿಗೆ ಗುಣಮಟ್ಟ ತುಸು ಇಳಿಯುತ್ತದೆ, ಅದಕ್ಕೆ ಬಿಟ್‌ರೇಟ್ ಕಾಲು ಭಾಗ ಏರಿಸಿ ಬಿಡುತ್ತೇನೆ. ಫೈಲ್ ದೊಡ್ಡದಾಗುತ್ತದೆ, ರಂಗಸ್ಥಳದ ಕೆಂಪು ಹಸಿರು ಬೆಳಕಿನಲ್ಲಿ ಚೌಕ ಚೌಕ ಒಡೆಯುವುದು ನಿಲ್ಲುತ್ತದೆ.

ಈ ದಾರಿಗೂ ಮಿತಿ ಇದೆ. ಎರಡು ಕ್ಯಾಮೆರಾ ಇಟ್ಟ ದಿನ ಪ್ರಾಕ್ಸಿ ಇದ್ದರೂ ಲ್ಯಾಪ್‌ಟಾಪ್ ಎಳೆದಾಡುತ್ತದೆ. 4ಕೆ ಬಗ್ಗೆ ಯೋಚಿಸಲೂ ಆಗಲ್ಲ. ಮುಂದಿನ ತಿರುಗಾಟದೊಳಗೆ ರ್‍ಯಾಮ್ 16 ಜಿಬಿ ಮಾಡಿಸಿ, ಎರಡನೇ ಫೋನನ್ನು ಹಿಮ್ಮೇಳಕ್ಕೆ ಮಾತ್ರ ತಿರುಗಿಸಿಟ್ಟು, ಪದ್ಯದ ಹೊತ್ತಲ್ಲಷ್ಟೇ ಆ ದೃಶ್ಯ ಸೇರಿಸಬೇಕು ಅಂತಿದ್ದೇನೆ. ಆಗ ಟೈಮ್‌ಲೈನ್‌ನಲ್ಲಿ ಎರಡನೇ ವಿಡಿಯೋ ಉದ್ದಕ್ಕೂ ಇರಬೇಕಾಗಿಲ್ಲ, ಬೇಕಾದ ತುಂಡು ಅಷ್ಟೇ ಸಾಕು.